ಸಂಬಳದ ಚೀಟಿಯ ಇಎಸ್‌ಐ: ರೂಪಾಯಿ ನೋಡಿ, ದಿನಗಳನ್ನೂ ನೋಡಿ

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಹೊಲಿಗೆ ಲೈನಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳ ಸಂಬಳದ ಚೀಟಿಯನ್ನು ಮುಂದಿಟ್ಟುಕೊಳ್ಳೋಣ. ಉದಾಹರಣೆಗೆ ಅವಳ ಹೆಸರು ಲಕ್ಷ್ಮಿ ಎಂದಿರಲಿ. ಚೀಟಿ 2024ರ ಸೆಪ್ಟೆಂಬರ್ ತಿಂಗಳದ್ದು. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 12,700 ರೂಪಾಯಿ, ಮನೆ ಬಾಡಿಗೆ ಭತ್ಯೆ 1,500, ಒಟ್ಟು 14,200. ಕಟಾವಿನ ಕಡೆ ಪಿಎಫ್ 1,524, ಇಎಸ್‌ಐ 107. ಕೈಗೆ ಬಂದದ್ದು 12,569 ರೂಪಾಯಿ.

ಲೈನಿನಲ್ಲಿರುವ ಎಲ್ಲರಿಗೂ ಪಿಎಫ್ ಗೊತ್ತು. ಕೆಲಸ ಬಿಟ್ಟ ಮೇಲೆ ಬರುವ ದುಡ್ಡು ಅದು, ಮಗಳ ಮದುವೆಗೋ ಮನೆಯ ಚಾವಣಿಗೋ ಆಗುತ್ತದೆ. ಆದರೆ 107 ರೂಪಾಯಿಯ ಇಎಸ್‌ಐ ಏನೆಂದು ಕೇಳಿದರೆ ಹೆಚ್ಚಿನವರು ‘ಆಸ್ಪತ್ರೆ ದುಡ್ಡು’ ಎಂದು ಹೇಳಿ ಸುಮ್ಮನಾಗುತ್ತಾರೆ. ಅದು ಅರ್ಧ ಉತ್ತರ. ಕಾಯಿಲೆ ಬಿದ್ದು ಮನೆಯಲ್ಲಿ ಮಲಗಿದ ದಿನಗಳಿಗೆ ಸಂಬಳದ ಬಹುಪಾಲನ್ನು ತುಂಬಿಕೊಡುವುದೂ ಇದೇ ಹಣ. ಆ ಉಳಿದ ಅರ್ಧ ಸಿಗುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮಾತ್ರ ಕಟಾವಿನ ಅಂಕಣದಲ್ಲಿಲ್ಲ. ಚೀಟಿಯ ಮೇಲ್ಭಾಗದಲ್ಲಿ ಯಾರೂ ನೋಡದ ಇನ್ನೊಂದು ಅಂಕಿಯಿದೆ, ಸಂಬಳ ಸಿಕ್ಕ ದಿನಗಳ ಸಂಖ್ಯೆ. ಅದೇ ಅದನ್ನು ತೀರ್ಮಾನಿಸುತ್ತದೆ.

ಮೊದಲು 107ರ ಲೆಕ್ಕ. 2019ರ ಜುಲೈ 1ರಿಂದ ಕಾರ್ಮಿಕರ ವಂತಿಗೆ ಸಂಬಳದ ಶೇಕಡಾ 0.75, ಮಾಲೀಕರ ವಂತಿಗೆ ಶೇಕಡಾ 3.25. ಅದಕ್ಕೂ ಮುಂಚೆ ಇದು 1.75 ಮತ್ತು 4.75 ಇತ್ತು. 14,200ರ ಶೇಕಡಾ 0.75 ಎಂದರೆ 106 ರೂಪಾಯಿ 50 ಪೈಸೆ. ಪೈಸೆ ಉಳಿದರೆ ಮುಂದಿನ ರೂಪಾಯಿಗೆ ಏರಿಸುವುದು ನಿಯಮ, ಆದ್ದರಿಂದ 107. ಮಾಲೀಕ ತನ್ನ ಕಡೆಯಿಂದ 462 ರೂಪಾಯಿ ಸೇರಿಸಬೇಕು. ಎರಡೂ ಸೇರಿ 569 ರೂಪಾಯಿಯನ್ನು ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಲಕ್ಷ್ಮಿಯ ವಿಮಾ ಸಂಖ್ಯೆಯ ಹೆಸರಿನಲ್ಲಿ ನಿಗಮಕ್ಕೆ ಕಟ್ಟಬೇಕು. ತಡವಾದರೆ ವರ್ಷಕ್ಕೆ ಶೇಕಡಾ 12ರಂತೆ ಬಡ್ಡಿಯನ್ನು ಮಾಲೀಕನೇ ತೆರಬೇಕು. ಅವನ ಪಾಲಿನ 462 ರೂಪಾಯಿಯನ್ನು ಕಾರ್ಮಿಕಳ ಸಂಬಳದಿಂದ ಹಿಡಿಯಲು ಕಾನೂನಿನಲ್ಲಿ ಅವಕಾಶವಿಲ್ಲ. ಗುತ್ತಿಗೆದಾರರ ಕೈಕೆಳಗೆ ದುಡಿಯುವವರು ಇದನ್ನು ಗಮನಿಸಬೇಕು. 14,200ರ ಆಸುಪಾಸಿನ ಸಂಬಳಕ್ಕೆ ಇಎಸ್‌ಐ ಹೆಸರಿನಲ್ಲಿ ಐನೂರು ರೂಪಾಯಿಗೂ ಮೀರಿ ಕಟ್ ಆಗಿದ್ದರೆ ಎರಡೂ ಪಾಲು ನಿಮ್ಮಿಂದಲೇ ಹೋಗಿದೆ ಎಂದು ತಿಳಿಯಿರಿ.

ಸಂಬಳ ಎಂದರೆ ಯಾವುದು ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. 1948ರ ಇಎಸ್‌ಐ ಕಾಯ್ದೆಯ ಕಾಲದಲ್ಲಿ ಮನೆ ಬಾಡಿಗೆ ಭತ್ಯೆಯೂ ಲೆಕ್ಕಕ್ಕೆ ಸೇರುತ್ತಿತ್ತು, ಲಕ್ಷ್ಮಿಯ ಚೀಟಿಯಲ್ಲಿ ಆಗಿರುವುದು ಅದೇ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಆ ಕಾಯ್ದೆಯ ಜಾಗದಲ್ಲಿ ಕೂತಿದೆ. ಸಂಹಿತೆಯ ಪ್ರಕಾರ ಮೂಲವೇತನ, ತುಟ್ಟಿಭತ್ಯೆ ಮೊದಲಾದವು ಸಂಬಳ. ಬಾಡಿಗೆ ಭತ್ಯೆಯಂಥವು ಹೊರಗೆ. ಆದರೆ ಹೊರಗಿಟ್ಟ ಭತ್ಯೆಗಳು ಒಟ್ಟು ಮೊತ್ತದ ಅರ್ಧವನ್ನು ಮೀರಿದರೆ, ಮೀರಿದ ಭಾಗ ಮತ್ತೆ ಸಂಬಳಕ್ಕೆ ಸೇರುತ್ತದೆ. ಆ ಲೆಕ್ಕದಲ್ಲಿ ಲಕ್ಷ್ಮಿಯ ವಂತಿಗೆ 12,700ರ ಮೇಲೆ 96 ರೂಪಾಯಿಗೆ ಇಳಿಯುತ್ತದೆ. ತಿಂಗಳಿಗೆ 11 ರೂಪಾಯಿ ಉಳಿಯಿತೆಂದು ಸಂತೋಷಪಡುವ ಮುನ್ನ ಇನ್ನೊಂದು ಮಾತು: ಕಾಯಿಲೆಯ ದಿನಗಳಿಗೆ ಬರುವ ನಗದು ಪರಿಹಾರವೂ ಇದೇ ಸಂಬಳದ ಮೇಲೆಯೇ ನಿಂತಿದೆ. ಆಧಾರ ಇಳಿದರೆ ಪರಿಹಾರವೂ ಇಳಿಯುತ್ತದೆ.

ಇನ್ನು ವೈದ್ಯಕೀಯ ಸೌಲಭ್ಯ. ಇದು ದಿನಗಳ ಲೆಕ್ಕಕ್ಕಾಗಿ ಕಾಯುವುದಿಲ್ಲ. ಕೆಲಸಕ್ಕೆ ಸೇರಿ ಹೆಸರು ನೋಂದಣಿಯಾದ ದಿನದಿಂದಲೇ ಲಕ್ಷ್ಮಿಗೂ ಅವಳ ಕುಟುಂಬಕ್ಕೂ ಚಿಕಿತ್ಸೆ ಸಿಗಬೇಕು. ಗಂಡ, ಮಕ್ಕಳು, ಅವಳ ಆಸರೆಯಲ್ಲಿರುವ ಕಡಿಮೆ ಆದಾಯದ ತಂದೆತಾಯಿ ಈ ಕುಟುಂಬದಲ್ಲಿ ಬರುತ್ತಾರೆ. ಹೊಸ ಸಂಹಿತೆ ಮಹಿಳಾ ಉದ್ಯೋಗಿಯ ಅವಲಂಬಿತ ಅತ್ತೆ ಮಾವನನ್ನೂ ಕುಟುಂಬದೊಳಗೆ ಸೇರಿಸಿದೆ. ಚಿಕಿತ್ಸೆಯ ಖರ್ಚಿಗೆ ಒಬ್ಬರಿಗೆ ಇಷ್ಟೇ ಎಂಬ ಮಿತಿ ಇಲ್ಲ. ಖಾಸಗಿ ವಿಮೆಯಲ್ಲಿರುವಂತೆ ಮೂರು ಲಕ್ಷ, ಐದು ಲಕ್ಷ ಎಂಬ ಗೆರೆ ಇಲ್ಲಿಲ್ಲ. ಮೊದಲೇ ಇದ್ದ ಕಾಯಿಲೆ ಎಂದು ವಾಪಸ್ ಕಳಿಸುವುದೂ ಇಲ್ಲ.

ದಾರಿ ಮಾತ್ರ ಗೊತ್ತಿರಬೇಕು. ಮೊದಲು ನಿಮಗೆ ಗೊತ್ತುಮಾಡಿದ ಡಿಸ್ಪೆನ್ಸರಿ. ಕರ್ನಾಟಕದಲ್ಲಿ ಡಿಸ್ಪೆನ್ಸರಿಗಳನ್ನು ನಡೆಸುವುದು ರಾಜ್ಯ ಸರ್ಕಾರದ ಇಎಸ್‌ಐ ವೈದ್ಯಕೀಯ ಸೇವೆಗಳ ಇಲಾಖೆ. ನಿಗದಿತ ಮಿತಿಯೊಳಗೆ ಅದರ ಖರ್ಚಿನ ಎಂಟರಲ್ಲಿ ಏಳು ಪಾಲನ್ನು ನಿಗಮ ಕೊಡುತ್ತದೆ. ಡಿಸ್ಪೆನ್ಸರಿಯಲ್ಲಿ ಆಗದ್ದು ಇಎಸ್‌ಐ ಆಸ್ಪತ್ರೆಗೆ ಹೋಗುತ್ತದೆ. ಬೆಂಗಳೂರಿನ ರಾಜಾಜಿನಗರ ಮತ್ತು ಕಲಬುರಗಿಯಲ್ಲಿ ನಿಗಮವೇ ನಡೆಸುವ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳಿವೆ. ಅಲ್ಲೂ ಆಗದ ಹೃದಯ ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ಚಿಕಿತ್ಸೆಯಂಥವಕ್ಕೆ ನಿಗಮದೊಡನೆ ಒಪ್ಪಂದವಿರುವ ಖಾಸಗಿ ಆಸ್ಪತ್ರೆಗೆ ಬರೆದು ಕೊಡುತ್ತಾರೆ; ಅಲ್ಲಿ ಕೈಯಿಂದ ದುಡ್ಡು ಕಟ್ಟುವಂತಿಲ್ಲ. ಈ ಕೊನೆಯ ಮಟ್ಟದ ಚಿಕಿತ್ಸೆಗೆ ಮಾತ್ರ ಇಂತಿಷ್ಟು ತಿಂಗಳ ಸೇವೆ, ಇಂತಿಷ್ಟು ದಿನದ ವಂತಿಗೆ ಎಂಬ ಷರತ್ತು ಇದೆ. ತುರ್ತು ಸಂದರ್ಭದಲ್ಲಿ ಬರೆದುಕೊಟ್ಟ ಕಾಗದಕ್ಕೆ ಕಾಯದೆ ಒಪ್ಪಂದದ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಒಪ್ಪಂದವಿಲ್ಲದ ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಬಿಲ್ಲನ್ನು ಆಮೇಲೆ ಕೊಟ್ಟು ಹಣ ಕೇಳಬೇಕು. ಅದು ಸರ್ಕಾರಿ ದರದ ಮಿತಿಯಲ್ಲಿ ಮಾತ್ರ ವಾಪಸ್ ಬರುತ್ತದೆ, ಪೂರ್ತಿ ಬಿಲ್ ಬರುವುದಿಲ್ಲ.

ಇದೆಲ್ಲ ಕೆಲಸ ಮಾಡಬೇಕಾದರೆ ಕುಟುಂಬದವರ ಹೆಸರು ದಾಖಲೆಯಲ್ಲಿರಬೇಕು. ಕಾರ್ಖಾನೆಯ ಆಫೀಸಿನವರು ಅವಸರದಲ್ಲಿ ಕಾರ್ಮಿಕಳೊಬ್ಬಳ ಹೆಸರನ್ನಷ್ಟೇ ಹಾಕಿ ವಿಮಾ ಸಂಖ್ಯೆ ತೆಗೆದುಬಿಡುವುದುಂಟು. ಗಂಡನಿಗೆ ಎದೆನೋವು ಬಂದ ರಾತ್ರಿ ಕಾರ್ಡ್ ತೆಗೆದು ನೋಡಿದರೆ ಅದರಲ್ಲಿ ಅವನ ಹೆಸರೇ ಇರುವುದಿಲ್ಲ. ಇನ್ನೊಂದು ವಿಷಯ, ಗಾರ್ಮೆಂಟ್ಸ್‌ನಲ್ಲಿರುವ ಎಷ್ಟೋ ಹೆಣ್ಣುಮಕ್ಕಳು ಬೆಂಗಳೂರಿನಲ್ಲಿ ಕೋಣೆ ಹಿಡಿದು, ಮಕ್ಕಳನ್ನು ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟಿರುತ್ತಾರೆ. ಕುಟುಂಬ ಬೇರೆ ಊರಲ್ಲಿದೆ ಎಂದು ನೋಂದಣಿಯಲ್ಲಿ ಬರೆಸಿದರೆ ಆ ಮಕ್ಕಳಿಗೆ ಊರಿನ ಹತ್ತಿರದ ಡಿಸ್ಪೆನ್ಸರಿಯನ್ನೇ ಗೊತ್ತುಮಾಡಿಸಬಹುದು. ಹೆಚ್ಚು ಜನಕ್ಕೆ ಇದನ್ನು ಯಾರೂ ಹೇಳುವುದಿಲ್ಲ.

ಈಗ ದಿನಗಳ ಲೆಕ್ಕಕ್ಕೆ ಬರೋಣ. ನಿಗಮ ವರ್ಷವನ್ನು ಎರಡು ಭಾಗ ಮಾಡಿದೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಕಟ್ಟಿದ ವಂತಿಗೆಯ ಫಲ ಮುಂದಿನ ಜನವರಿ 1ರಿಂದ ಜೂನ್ 30ರವರೆಗೆ. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಕಟ್ಟಿದ್ದರ ಫಲ ಜುಲೈ 1ರಿಂದ ಡಿಸೆಂಬರ್ 31ರವರೆಗೆ. ಮುಂಗಾರಿನಲ್ಲಿ ಬಿತ್ತಿದ್ದನ್ನು ಸುಗ್ಗಿಯಲ್ಲಿ ಉಣ್ಣುವ ಹಾಗೆ ನಡುವೆ ಮೂರು ತಿಂಗಳ ಅಂತರ ಇದೆ. ಕಾಯಿಲೆಯ ನಗದು ಪರಿಹಾರ ಸಿಗಬೇಕಾದರೆ ಕಟ್ಟುವ ಆರು ತಿಂಗಳಲ್ಲಿ ಕನಿಷ್ಠ 78 ದಿನಗಳ ವಂತಿಗೆ ಇರಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ಫಲದ ಅವಧಿ ಶುರುವಾಗುವುದು ಸೇರಿದ ದಿನದಿಂದ ಒಂಬತ್ತು ತಿಂಗಳ ನಂತರ. ಅಲ್ಲಿಯವರೆಗೆ ಔಷಧಿ, ಚಿಕಿತ್ಸೆ ಇದೆ, ರಜೆಯ ಹಣ ಇಲ್ಲ.

ಲಕ್ಷ್ಮಿಗೆ 2025ರ ಫೆಬ್ರವರಿ ಮೊದಲ ವಾರ ಟೈಫಾಯ್ಡ್ ಬಂತು ಎಂದುಕೊಳ್ಳಿ. ಡಿಸ್ಪೆನ್ಸರಿಯ ವೈದ್ಯರು ಫೆಬ್ರವರಿ 3ರಿಂದ 16ರವರೆಗೆ ಹದಿನಾಲ್ಕು ದಿನ ವಿಶ್ರಾಂತಿ ಬರೆದರು. ಫೆಬ್ರವರಿಗೆ ಲೆಕ್ಕವಾಗುವುದು ಹಿಂದಿನ ಏಪ್ರಿಲ್‌ನಿಂದ ಸೆಪ್ಟೆಂಬರ್ ವರೆಗಿನ ವಂತಿಗೆ. ಆ ಆರು ತಿಂಗಳಲ್ಲಿ ಒಟ್ಟು 183 ದಿನ. ತಿಂಗಳ ಸಂಬಳದವಳಾದ್ದರಿಂದ ವಾರದ ರಜೆಯೂ ಸಂಬಳದ ದಿನವೇ. ಆದರೆ ಮೇ ತಿಂಗಳಲ್ಲಿ ಊರ ಹಬ್ಬಕ್ಕೆಂದು ಹೋದವಳು ಹತ್ತು ದಿನ ಸಂಬಳವಿಲ್ಲದ ರಜೆ ಹಾಕಿದ್ದಳು. ಹಾಗಾಗಿ ಅವಳ ಖಾತೆಯಲ್ಲಿ 173 ದಿನ, ಸಂಬಳ ಸುಮಾರು 80,620 ರೂಪಾಯಿ. 78 ದಿನದ ಷರತ್ತು ಸುಲಭವಾಗಿ ದಾಟಿತು. ಸಂಬಳವನ್ನು ದಿನಗಳಿಂದ ಭಾಗಿಸಿದರೆ ದಿನದ ಸರಾಸರಿ 466 ರೂಪಾಯಿ. ಕಾಯಿಲೆಯ ಪರಿಹಾರ ಅದರ ಶೇಕಡಾ 70, ಅಂದರೆ ದಿನಕ್ಕೆ ಸುಮಾರು 326. ಮೊದಲ ಎರಡು ದಿನ ಕಾಯುವ ದಿನಗಳು, ಅವಕ್ಕೆ ಹಣವಿಲ್ಲ. ಹಿಂದಿನ ಕಾಯಿಲೆಯ ರಜೆ ಮುಗಿದು ಹದಿನೈದು ದಿನದೊಳಗೆ ಮತ್ತೆ ಮಲಗಿದರೆ ಮಾತ್ರ ಆ ಎರಡು ದಿನದ ಕಡಿತ ಇಲ್ಲ. ಉಳಿದ ಹನ್ನೆರಡು ದಿನಕ್ಕೆ ಅವಳ ಬ್ಯಾಂಕ್ ಖಾತೆಗೆ ಬರಬೇಕಾದದ್ದು ಸುಮಾರು 3,900 ರೂಪಾಯಿ. ಹೀಗೆ ವರ್ಷಕ್ಕೆ ಗರಿಷ್ಠ 91 ದಿನಗಳವರೆಗೆ ಸಿಗುತ್ತದೆ. ಕ್ಷಯ, ಕ್ಯಾನ್ಸರ್, ಪಾರ್ಶ್ವವಾಯುವಿನಂಥ ಪಟ್ಟಿಯಲ್ಲಿರುವ ದೀರ್ಘ ಕಾಯಿಲೆಗಳಿಗೆ, ಎರಡು ವರ್ಷದ ಸೇವೆ ಇದ್ದವರಿಗೆ, ಶೇಕಡಾ 80ರ ದರದಲ್ಲಿ ಇನ್ನೂ ಹೆಚ್ಚು ಕಾಲ ಸಿಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಹತ್ತು ದಿನ ರಜೆ ಹಾಕಿದ್ದರಿಂದ ಲಕ್ಷ್ಮಿಯ ದಿನದ ದರ ಕಡಿಮೆಯಾಗಲಿಲ್ಲ. ಸಂಬಳ ಇಳಿದರೂ ಭಾಗಿಸುವ ದಿನಗಳೂ ಇಳಿದವು. ಆದರೆ ಆಫೀಸಿನವರು ಮೇ ತಿಂಗಳಿಗೆ 21 ದಿನ ಎಂದು ತುಂಬುವ ಬದಲು ರೂಢಿಯಂತೆ 31 ಎಂದು ತುಂಬಿ, ಸಂಬಳ ಮಾತ್ರ ಕಡಿಮೆ ತೋರಿಸಿದರೆ? 80,620ನ್ನು 183ರಿಂದ ಭಾಗಿಸಬೇಕಾಗುತ್ತದೆ. ಸರಾಸರಿ 440ಕ್ಕೆ ಇಳಿದು ಪರಿಹಾರ ದಿನಕ್ಕೆ ಸುಮಾರು 308 ಆಗುತ್ತದೆ. ಹನ್ನೆರಡು ದಿನಕ್ಕೆ ಇನ್ನೂರು ರೂಪಾಯಿಗೂ ಹೆಚ್ಚು ನಷ್ಟ, ಕಾಯಿಲೆ ಉದ್ದವಾದರೆ ನಷ್ಟವೂ ಉದ್ದ. ಇದರ ಉಲ್ಟಾ ತಪ್ಪೂ ನಡೆಯುತ್ತದೆ. ಕೆಲವು ಕಡೆ, ಮುಖ್ಯವಾಗಿ ಗುತ್ತಿಗೆ ಕೆಲಸದಲ್ಲಿ, ವಂತಿಗೆ ಉಳಿಸಲು ತಿಂಗಳಿಗೆ ಹತ್ತೋ ಹನ್ನೆರಡೋ ದಿನ ಮಾತ್ರ ದುಡಿದಂತೆ ತೋರಿಸುತ್ತಾರೆ. ತಿಂಗಳಿಗೆ ಹನ್ನೆರಡು ದಿನವಾದರೆ ಆರು ತಿಂಗಳಿಗೆ 72. ಷರತ್ತಿಗೆ ಆರು ದಿನ ಕಡಿಮೆ, ಒಂದು ರೂಪಾಯಿಯೂ ಬರುವುದಿಲ್ಲ. ಪ್ರತಿ ತಿಂಗಳೂ ಚೀಟಿಯಲ್ಲಿ ಇಎಸ್‌ಐ ಕಟ್ ಆಗಿರುತ್ತದೆ, ಕಾರ್ಮಿಕ ತನಗೆ ಹಕ್ಕಿದೆ ಎಂದೇ ನಂಬಿರುತ್ತಾನೆ. ಇದು ಕಾರ್ಮಿಕನಿಗೆ ಮಾಡುವ ನೇರ ಅನ್ಯಾಯ, ಬರೀ ಲೆಕ್ಕದ ತಪ್ಪಲ್ಲ.

ಇನ್ನೊಂದು ಕಡೆಯೂ ಹಣ ತಪ್ಪಿ ಹೋಗುತ್ತದೆ, ಅದು ಕಾರ್ಮಿಕರ ಕೈಯಲ್ಲೇ ಇದೆ. ಜ್ವರ ಬಂದರೆ ಮನೆಯ ಪಕ್ಕದ ಕ್ಲಿನಿಕ್ಕಿಗೆ ಹೋಗಿ ಇಂಜೆಕ್ಷನ್, ಡ್ರಿಪ್ ಹಾಕಿಸಿಕೊಂಡು ಮಲಗುವುದು ರೂಢಿ. ಡಿಸ್ಪೆನ್ಸರಿಯಲ್ಲಿ ಸಾಲು ಉದ್ದ, ಅರ್ಧ ದಿನದ ಸಂಬಳ ಹೋಗುತ್ತದೆ ಎಂಬ ಮಾತಿನಲ್ಲಿ ಸತ್ಯವಿದೆ. ಆದರೆ ರಜೆಯ ಹಣಕ್ಕೆ ಬೇಕಾದದ್ದು ಇಎಸ್‌ಐ ವೈದ್ಯರು ಕೊಡುವ ಪ್ರಮಾಣಪತ್ರ. ಬೇರೆ ವೈದ್ಯರ ಚೀಟಿಯನ್ನು ಒಪ್ಪುವುದು ಬಿಡುವುದು ನಿಗಮದ ವಿವೇಚನೆಗೆ ಬಿಟ್ಟದ್ದು, ಅದನ್ನು ನಂಬಿ ಕೂರಬಾರದು. ಮಲಗುವ ಮೊದಲ ದಿನವೇ ಡಿಸ್ಪೆನ್ಸರಿಗೆ ಹೋಗಿ ಪ್ರಮಾಣಪತ್ರ ಪಡೆದು, ಗುಣವಾದ ಮೇಲೆ ಕೆಲಸಕ್ಕೆ ಹೋಗಬಹುದೆಂಬ ಕೊನೆಯ ಪತ್ರವನ್ನೂ ಪಡೆದು, ನಿಗಮದ ಶಾಖಾ ಕಚೇರಿಗೆ ಅರ್ಜಿ ಹಾಕಬೇಕು. ಪ್ರಮಾಣಪತ್ರದ ದಿನಗಳಲ್ಲಿ ಕೆಲಸಕ್ಕೆ ಹೋಗಿ ಹಾಜರಿ ಹಾಕಿದರೆ ಆ ದಿನದ ಪರಿಹಾರ ಸಿಗುವುದಿಲ್ಲ.

ಹೆರಿಗೆಯ ಲೆಕ್ಕ ಸ್ವಲ್ಪ ಬೇರೆ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನಗಳ ವಂತಿಗೆ ಇದ್ದರೆ ಸಾಕು, 26 ವಾರ ಪೂರ್ತಿ ಸರಾಸರಿ ಸಂಬಳ ಸಿಗುತ್ತದೆ. ಈಗಾಗಲೇ ಎರಡು ಮಕ್ಕಳಿದ್ದರೆ 12 ವಾರ. ಇದನ್ನು ಕೊಡುವುದು ನಿಗಮ, ಕಾರ್ಖಾನೆಯಲ್ಲ. ಆದ್ದರಿಂದ ಹೆರಿಗೆ ರಜೆಯಿಂದ ಕಂಪನಿಗೆ ಹೊರೆ ಎಂದು ಯಾರಾದರೂ ರಾಜೀನಾಮೆ ಬರೆಸಿಕೊಳ್ಳಲು ಬಂದರೆ ಆ ಮಾತಿಗೆ ಆಧಾರವಿಲ್ಲ. ಕೆಲಸದಲ್ಲಿರುವಾಗ ಸೂಜಿ ಬೆರಳಿಗೆ ಹೊಕ್ಕು, ಕಟಿಂಗ್ ಮೆಷಿನ್ನಿಗೆ ಕೈ ಸಿಕ್ಕಿ ಆದ ಗಾಯಕ್ಕೆ ಮಾತ್ರ ದಿನಗಳ ಷರತ್ತೇ ಇಲ್ಲ. ಸೇರಿದ ಮೊದಲ ದಿನ ಆದರೂ ಸರಾಸರಿ ಸಂಬಳದ ಶೇಕಡಾ 90 ಸಿಗುತ್ತದೆ. ಅಪಘಾತದ ವರದಿಯನ್ನು ಕಾರ್ಖಾನೆ ಕಳಿಸಿದೆಯೇ ಎಂದು ಅಂದೇ ಕೇಳಿ ಖಚಿತಮಾಡಿಕೊಳ್ಳಬೇಕು.

ಸಂಬಳ ಏರಿದಾಗ ಬರುವ ಗೊಂದಲವೂ ಒಂದಿದೆ. 2017ರ ಜನವರಿಯಿಂದ ಇಎಸ್‌ಐಗೆ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ, ಅಂಗವೈಕಲ್ಯವಿರುವ ಉದ್ಯೋಗಿಗಳಿಗೆ 25,000. ಈ ಮಿತಿ ನೋಡುವಾಗ ಓವರ್‌ಟೈಮ್ ಹಣವನ್ನು ಸೇರಿಸುವುದಿಲ್ಲ. ಒಬ್ಬ ಸೂಪರ್‌ವೈಸರನಿಗೆ ಜೂನ್‌ನಲ್ಲಿ ಸಂಬಳ 21,400ಕ್ಕೆ ಏರಿತು ಎನ್ನಿ. ಅಂದಿನಿಂದಲೇ ಕಟಾವು ನಿಲ್ಲಬೇಕೆಂದು ಅನೇಕರು ತಿಳಿಯುತ್ತಾರೆ, ಕೆಲವು ಆಫೀಸಿನವರು ನಿಲ್ಲಿಸಿಯೂ ಬಿಡುತ್ತಾರೆ. ನಿಯಮ ಹಾಗಿಲ್ಲ. ವಂತಿಗೆ ಅವಧಿಯ ನಡುವೆ ಮಿತಿ ದಾಟಿದರೆ ಸೆಪ್ಟೆಂಬರ್ 30ರವರೆಗೆ ಪೂರ್ತಿ 21,400ರ ಮೇಲೆ ಕಟ್ಟಬೇಕು. ಕಟ್ಟಿದ್ದರ ಫಲವೂ ಇದೆ: ಅಕ್ಟೋಬರ್‌ನಿಂದ ವಂತಿಗೆ ನಿಂತರೂ ಏಪ್ರಿಲ್–ಸೆಪ್ಟೆಂಬರ್ ಅವಧಿಯ ಬಲದ ಮೇಲೆ ಮುಂದಿನ ಜೂನ್ 30ರವರೆಗೆ ಅವನಿಗೂ ಮನೆಯವರಿಗೂ ಚಿಕಿತ್ಸೆಯ ಹಕ್ಕು ಉಳಿಯುತ್ತದೆ. ಕಟಾವು ನಿಂತ ದಿನವೇ ಕಾರ್ಡ್ ಬಿಸಾಡಿದವರು ಒಂಬತ್ತು ತಿಂಗಳ ಸೌಲಭ್ಯವನ್ನು ಬಿಟ್ಟುಕೊಟ್ಟಂತೆ.

ಕಾರ್ಖಾನೆ ಬದಲಿಸಿದಾಗ ಆಗುವ ತಪ್ಪು ಇನ್ನೂ ಸಾಮಾನ್ಯ. ಹತ್ತು ಅಂಕಿಗಳ ವಿಮಾ ಸಂಖ್ಯೆ ಒಬ್ಬರಿಗೆ ಒಂದೇ, ಎಷ್ಟು ಕೆಲಸ ಬದಲಿಸಿದರೂ ಅದೇ. ಹೊಸ ಕಡೆ ಹಳೆಯ ಸಂಖ್ಯೆ ಹೇಳದೆ ಹೊಸದು ಮಾಡಿಸಿಕೊಂಡರೆ ಎರಡು ಖಾತೆಯಾಗಿ ದಿನಗಳು ಒಡೆದುಹೋಗುತ್ತವೆ. ಹಳೆಯದರಲ್ಲಿ 60, ಹೊಸದರಲ್ಲಿ 70. ಕೂಡಿಸಿದರೆ 130, ಆದರೆ ಎರಡರಲ್ಲೂ 78 ಇಲ್ಲ. ಹೀಗಾಗಿದ್ದರೆ ಶಾಖಾ ಕಚೇರಿಗೆ ಅರ್ಜಿ ಕೊಟ್ಟು ಎರಡನ್ನೂ ಒಂದು ಮಾಡಿಸಿಕೊಳ್ಳಬೇಕು, ಕಾಯಿಲೆ ಬಂದ ಮೇಲಲ್ಲ, ಈಗಲೇ.

ಇವನ್ನೆಲ್ಲ ಆಫೀಸಿನವರ ಮುಖ ನೋಡದೆ ನಾವೇ ನೋಡಿಕೊಳ್ಳಬಹುದು. ನಿಗಮದ www.esic.gov.in ತಾಣದಲ್ಲಾಗಲಿ ಮೊಬೈಲ್‌ನ UMANG ಆ್ಯಪ್‌ನಲ್ಲಾಗಲಿ ವಿಮಾ ಸಂಖ್ಯೆ ಹಾಕಿ ಒಳಹೊಕ್ಕರೆ ತಿಂಗಳವಾರು ಸಂಬಳ, ದಿನ, ವಂತಿಗೆ ಕಾಣುತ್ತದೆ. ಕುಟುಂಬದವರ ಹೆಸರು, ಡಿಸ್ಪೆನ್ಸರಿಯೂ ಇರುತ್ತದೆ. ಆಗಸ್ಟ್ ತಿಂಗಳ ವಂತಿಗೆ ಸೆಪ್ಟೆಂಬರ್ 15ರೊಳಗೆ ಬರಬೇಕು. 20ನೇ ತಾರೀಖಾದರೂ ಕಾಣಿಸದಿದ್ದರೆ ಚೀಟಿಯಲ್ಲಿ ಕಟ್ ಆದ ದುಡ್ಡು ಎಲ್ಲಿ ಎಂದು ಕೇಳಬೇಕು. ಕಾರ್ಮಿಕರಿಂದ ಹಿಡಿದ ವಂತಿಗೆ ಮಾಲೀಕನ ಹಣವಲ್ಲ, ಅವನ ಕೈಗೆ ನಂಬಿ ಕೊಟ್ಟ ಹಣ. ಕಟ್ಟದೆ ಇಟ್ಟುಕೊಂಡರೆ ಒಂದರಿಂದ ಮೂರು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಮಾಲೀಕ ಕಟ್ಟದಿದ್ದರೂ ಕಾರ್ಮಿಕರಿಗೆ ಸೌಲಭ್ಯ ಕೊಟ್ಟು ಆ ಹಣವನ್ನು ಅವನಿಂದ ವಸೂಲಿ ಮಾಡುವ ಅಧಿಕಾರ ನಿಗಮಕ್ಕಿದೆ. ಆಗ ನೀವು ಅಲ್ಲಿ ದುಡಿದಿರಿ, ನಿಮ್ಮಿಂದ ಹಣ ಹಿಡಿದರು ಎಂಬುದಕ್ಕೆ ಸಾಕ್ಷಿ ಸಂಬಳದ ಚೀಟಿಯೇ.

ಅದಕ್ಕೇ ಚೀಟಿಯನ್ನು ಮಡಚಿ ತಿಂಡಿ ಡಬ್ಬಿಯ ಕೆಳಗೆ ಹಾಕಿ ಮರೆಯಬೇಡಿ. ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಈ ತಿಂಗಳು ಸಂಬಳ ಬಂದಾಗ ಚೀಟಿಯ ದಿನಗಳನ್ನೂ ನಿಗಮದ ಖಾತೆಯಲ್ಲಿ ಕಾಣುವ ದಿನಗಳನ್ನೂ ಒಮ್ಮೆ ತಾಳೆ ನೋಡಿ. ಕುಟುಂಬದ ಹೆಸರುಗಳು ಬಿಟ್ಟುಹೋಗಿದ್ದರೆ ಆಫೀಸಿಗೆ ಬರೆದುಕೊಡಿ. ಅವರು ಸರಿಪಡಿಸದಿದ್ದರೆ ನಿಮ್ಮ ಶಾಖಾ ಕಚೇರಿಗೆ ಹೋಗಿ, ಅಥವಾ ನಿಗಮದ ಉಚಿತ ಸಹಾಯವಾಣಿ 1800-11-2526ಕ್ಕೆ ಕರೆ ಮಾಡಿ ದೂರು ದಾಖಲಿಸಿ.